ಲೆಕ್ಕಕ್ಕೂ ಜಿಎಸ್‌ಟಿ ರಿಟರ್ನ್‌ಗೂ ತಾಳೆಯಾಗದಿದ್ದರೆ ತೆರಿಗೆ ಕಚೇರಿಗೆ ಉತ್ತರ ಬರೆಯುವುದು ಹೇಗೆ?

ವರ್ಷದ ಮಾರಾಟ ನಿಮ್ಮ ಪುಸ್ತಕದಲ್ಲಿ ಒಂದು, GSTR-3B ರಿಟರ್ನ್‌ಗಳಲ್ಲಿ ಇನ್ನೊಂದು. ಪುಸ್ತಕದ ಅಂಕಿ ಆದಾಯ ತೆರಿಗೆ ರಿಟರ್ನ್ ಮೂಲಕ ಇಲಾಖೆಗೆ ಹೋಗಿರುತ್ತದೆ, ಇನ್ನೊಂದು ಅಂಕಿ ಜಿಎಸ್‌ಟಿ ಪೋರ್ಟಲ್‌ನಲ್ಲೇ ಇರುತ್ತದೆ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದ ಅಧಿಕಾರಿ ASMT-10 ಎಂಬ ನೋಟಿಸು ಕಳಿಸುತ್ತಾರೆ. ಜಿಎಸ್‌ಟಿ ಕಾಯ್ದೆಯ 61ನೇ ಸೆಕ್ಷನ್ ಪ್ರಕಾರ ಬರುವ ನೋಟಿಸು ಇದು. ಇದು ದಂಡದ ಆದೇಶ ಅಲ್ಲ, ತೆರಿಗೆ ಕಟ್ಟಲೇಬೇಕು ಅನ್ನುವ ಆದೇಶವೂ ಅಲ್ಲ. "ಈ ವ್ಯತ್ಯಾಸ ಯಾಕೆ ಬಂತು, ಹೇಳಿ" ಅನ್ನುವ ಪ್ರಶ್ನೆ ಅಷ್ಟೇ.

ಅಂಗಡಿಯವರು ಸಾಮಾನ್ಯವಾಗಿ ಇದಕ್ಕೆ ಎರಡು ರೀತಿ ಉತ್ತರ ಕೊಡುತ್ತಾರೆ. ಕೆಲವರು "ಕಣ್ತಪ್ಪಿನಿಂದ ಆಗಿದೆ, ದಯವಿಟ್ಟು ಮನ್ನಿಸಿ" ಅಂತ ನಾಲ್ಕು ಸಾಲು ಬರೆಯುತ್ತಾರೆ. ಇನ್ನು ಕೆಲವರು ಹೆದರಿ, ನೋಟಿಸಿನಲ್ಲಿರುವ ಪೂರ್ತಿ ಮೊತ್ತ ಕಟ್ಟಿಬಿಡುತ್ತಾರೆ. ಎರಡೂ ಬೇಡ. ವ್ಯತ್ಯಾಸದ ಪ್ರತಿ ರೂಪಾಯಿಗೂ ಒಂದು ಕಾರಣ, ಪ್ರತಿ ಕಾರಣಕ್ಕೂ ಒಂದು ದಾಖಲೆ ಇರುವ ಕಾಗದ ಬೇಕು. ಅದರಲ್ಲಿ ನಿಜಕ್ಕೂ ಬಾಕಿ ಇರುವುದನ್ನು ಕಾಗದ ಕೊಡುವ ಮೊದಲೇ ಬಡ್ಡಿ ಸಮೇತ ಕಟ್ಟಿರಬೇಕು.

ಒಂದು ಉದಾಹರಣೆ ಇಟ್ಟುಕೊಂಡೇ ಹೋಗೋಣ. ತುಮಕೂರು ಕಡೆಯ ಒಂದು ಕಿರಾಣಿ ಅಂಗಡಿ ಅಂದುಕೊಳ್ಳಿ. ಮಾಮೂಲಿ ಜಿಎಸ್‌ಟಿ ನೋಂದಣಿ, ಪ್ರತಿ ತಿಂಗಳೂ ರಿಟರ್ನ್. 2023-24ರಲ್ಲಿ ಪುಸ್ತಕದ ಪ್ರಕಾರ ಮಾರಾಟ ರೂ. 58,40,000. ಹನ್ನೆರಡೂ GSTR-3B ಸೇರಿಸಿದರೆ ರೂ. 54,15,000. ವ್ಯತ್ಯಾಸ ರೂ. 4,25,000. ನೋಟಿಸಿನ ತಾರೀಕು 24 ನವೆಂಬರ್ 2025. ಅಧಿಕಾರಿ ಪೂರ್ತಿ ವ್ಯತ್ಯಾಸಕ್ಕೆ ಶೇ. 18 ಹಾಕಿ ರೂ. 76,500 ತೆರಿಗೆ ಆಗಬಹುದು ಎಂದು ತೋರಿಸಿದ್ದಾರೆ. ಯಾವ ಸರಕು ಅಂತ ಅವರಿಗೆ ಗೊತ್ತಿಲ್ಲ, ಹಾಗಾಗಿ ಇಡೀ ಮೊತ್ತಕ್ಕೆ ಒಂದೇ ದರ ಹಾಕಿದ್ದಾರೆ. ಈ ಅಂಗಡಿಯ ನಿಜವಾದ ತೆರಿಗೆ ಬಾಕಿ ರೂ. 7,200 ಮಾತ್ರ. ಅದು ಹೇಗೆ ಅಂತ ನೋಡೋಣ.

ಮೊದಲು ನೋಟಿಸನ್ನೇ ಸರಿಯಾಗಿ ಓದಿ

ಪೋರ್ಟಲ್‌ಗೆ ಲಾಗಿನ್ ಆಗಿ Services > User Services > View Additional Notices/Orders ತೆರೆಯಿರಿ. ASMT-10 ಸಿಗುವುದು ಇಲ್ಲಿ. ತುಂಬಾ ಜನ ಮಾಮೂಲಿ ನೋಟಿಸುಗಳ ಪುಟ ಮಾತ್ರ ನೋಡಿ ಏನೂ ಬಂದಿಲ್ಲ ಅಂದುಕೊಳ್ಳುತ್ತಾರೆ. ನೋಂದಣಿಯಲ್ಲಿ ಆಡಿಟರ್ ಅವರ ಇಮೇಲ್, ಫೋನ್ ನಂಬರ್ ಕೊಟ್ಟಿದ್ದರೆ ನಿಮಗೆ ಸಂದೇಶವೂ ಬರುವುದಿಲ್ಲ. ತಿಂಗಳಿಗೊಮ್ಮೆ ನೀವೇ ಈ ಪುಟ ನೋಡುವ ಅಭ್ಯಾಸ ಇಟ್ಟುಕೊಳ್ಳಿ.

ನೋಟಿಸಿನಿಂದ ಮೂರು ವಿಷಯ ಬರೆದಿಟ್ಟುಕೊಳ್ಳಿ: ಉಲ್ಲೇಖ ಸಂಖ್ಯೆ, ಯಾವ ವರ್ಷದ್ದು, ಉತ್ತರಕ್ಕೆ ಕೊನೆಯ ದಿನ. ಉತ್ತರಕ್ಕೆ ನೋಟಿಸು ತಲುಪಿದ ದಿನದಿಂದ ಗರಿಷ್ಠ 30 ದಿನ. ಬಿಲ್ ಹುಡುಕಲು ಅಷ್ಟು ದಿನ ಸಾಲದು ಅನ್ನಿಸಿದರೆ ಇನ್ನಷ್ಟು ಸಮಯ ಕೇಳಬಹುದು. ಆದರೆ ಗಡುವು ಮುಗಿಯುವ ಮೊದಲೇ ಬರವಣಿಗೆಯಲ್ಲಿ ಕೇಳಬೇಕು. ಕಚೇರಿಗೆ ಹೋಗಿ ಬಾಯಲ್ಲಿ ಹೇಳಿ ಬಂದರೆ ಅದಕ್ಕೆ ದಾಖಲೆ ಇರುವುದಿಲ್ಲ.

ಅಧಿಕಾರಿ ಯಾವ ಎರಡು ಅಂಕಿಗಳನ್ನು ಹೋಲಿಸಿದ್ದಾರೆ ಅನ್ನುವುದನ್ನೂ ನೋಡಿ. ಆದಾಯ ತೆರಿಗೆ ರಿಟರ್ನ್‌ನಲ್ಲಿ ಮಾರಾಟವನ್ನು ಜಿಎಸ್‌ಟಿ ಸೇರಿಸಿ ತೋರಿಸಿದ್ದರೆ, ಜಿಎಸ್‌ಟಿ ರಿಟರ್ನ್‌ನಲ್ಲಿ ತೆರಿಗೆ ಬಿಟ್ಟ ಬೆಲೆ ಇರುವುದರಿಂದ ವ್ಯತ್ಯಾಸ ಬಂದೇ ಬರುತ್ತದೆ. ಇದು ತುಂಬಾ ಕಡೆ ಆಗುತ್ತದೆ. ಎರಡೂ ಅಂಕಿಗಳನ್ನು ತೆರಿಗೆ ಬಿಟ್ಟ ಬೆಲೆಗೆ ತಂದ ಮೇಲೆಯೇ ಮುಂದಿನ ಹುಡುಕಾಟ. ನಮ್ಮ ಉದಾಹರಣೆಯಲ್ಲಿ ಎರಡೂ ತೆರಿಗೆ ಬಿಟ್ಟವೇ.

ವರ್ಷವನ್ನು ತಿಂಗಳುಗಳಾಗಿ ಒಡೆಯಿರಿ

ಕೆಲಸದ ಮುಕ್ಕಾಲು ಪಾಲು ಇಲ್ಲೇ ಇದೆ. ವರ್ಷದ ಮೊತ್ತ ನೋಡುತ್ತಾ ಕೂತರೆ ಕಾರಣ ಸಿಗುವುದಿಲ್ಲ. ಒಂದು ಹಾಳೆಯಲ್ಲಿ ಏಪ್ರಿಲ್‌ನಿಂದ ಮಾರ್ಚ್‌ವರೆಗೆ ಹನ್ನೆರಡು ಸಾಲು ಹಾಕಿ. ಒಂದು ಕಡೆ ಪುಸ್ತಕದ ಮಾರಾಟ, ಪಕ್ಕದಲ್ಲಿ ಅದೇ ತಿಂಗಳ GSTR-3B, ಕೊನೆಗೆ ವ್ಯತ್ಯಾಸ. GSTR-3Bಯಲ್ಲಿ 3.1(a) ಸಾಲು ಮಾತ್ರ ತಗೊಂಡರೆ ಸಾಲದು, ತೆರಿಗೆ ಇಲ್ಲದ ಮಾರಾಟ ತೋರಿಸುವ 3.1(c) ಕೂಡ ಸೇರಿಸಬೇಕು.

ನಮ್ಮ ಅಂಗಡಿಯ ಹಾಳೆಯಲ್ಲಿ ಹೀಗೆ ಬಂತು:

| ತಿಂಗಳು | ವ್ಯತ್ಯಾಸ (ರೂ.) |
|---|---|
| ಆಗಸ್ಟ್ 2023 | 40,000 |
| ಅಕ್ಟೋಬರ್ 2023 | 92,000 |
| ನವೆಂಬರ್ 2023 | 1,01,000 |
| ಡಿಸೆಂಬರ್ 2023 | 93,000 |
| ಮಾರ್ಚ್ 2024 | 61,000 |
| ಜೂನ್, ಜುಲೈ, ಜನವರಿ, ಫೆಬ್ರವರಿ ಸೇರಿ | 38,000 |
| ಒಟ್ಟು | 4,25,000 |

ಉಳಿದ ತಿಂಗಳುಗಳಲ್ಲಿ ಎರಡೂ ಒಂದೇ. ಈಗ ಹಾಳೆಯೇ ಮಾತಾಡಲು ಶುರು ಮಾಡುತ್ತದೆ. ಮೂರು ತಿಂಗಳು ಸತತವಾಗಿ ಹೆಚ್ಚುಕಮ್ಮಿ ಒಂದೇ ಮೊತ್ತ ಬಿಟ್ಟುಹೋಗಿದ್ದರೆ, ಯಾವುದೋ ಒಂದು ಬಗೆಯ ಮಾರಾಟ ಪೂರ್ತಿ ಹೊರಗುಳಿದಿದೆ ಎಂದರ್ಥ. ಮಾರ್ಚ್‌ನಲ್ಲಿ ಮಾತ್ರ ಇದ್ದರೆ ವರ್ಷದ ಕೊನೆಯ ಬಿಲ್ ಮುಂದಿನ ತಿಂಗಳಿಗೆ ಹೋಗಿರಬಹುದು. ಅಲ್ಲಲ್ಲಿ ಚೂರುಚೂರು ಇದ್ದರೆ ಸಾಮಾನ್ಯವಾಗಿ ವಾಪಸ್ ಬಂದ ಮಾಲಿನ ಲೆಕ್ಕ.

ಒಂದೊಂದಕ್ಕೂ ಕಾರಣ ಹುಡುಕಿ

ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗಿನ ರೂ. 2,86,000 ದೊಡ್ಡ ಮೊತ್ತ. ಸರಕುವಾರು ಮಾರಾಟ ತೆಗೆದು ನೋಡಿದರೆ ಅಷ್ಟೂ ಬಿಡಿಯಾಗಿ ತೂಗಿ ಕೊಟ್ಟ ಅಕ್ಕಿ, ಬೇಳೆ, ಬೆಲ್ಲ. 2022ರ ಜುಲೈ 18ರಿಂದ 25 ಕೆಜಿವರೆಗಿನ, ಮೊದಲೇ ಪ್ಯಾಕ್ ಮಾಡಿ ಲೇಬಲ್ ಹಚ್ಚಿದ ಅಕ್ಕಿ ಬೇಳೆಗೆ ಶೇ. 5 ಜಿಎಸ್‌ಟಿ ಇದೆ. ಬಿಡಿಯಾಗಿ ಮಾರಿದರೆ ಇಲ್ಲ. ಅಕ್ಕಿ ಗಿರಣಿಗಳು 26 ಕೆಜಿ ಮೂಟೆ ತಂದಿದ್ದೂ ಇದೇ ಕಾರಣಕ್ಕೆ. ಇಂಥ ಮಾರಾಟಕ್ಕೆ ತೆರಿಗೆ ಇಲ್ಲದಿದ್ದರೂ ಅದನ್ನು GSTR-3Bಯ 3.1(c)ಯಲ್ಲಿ ತೋರಿಸಬೇಕು. ತೆರಿಗೆ ಇಲ್ಲವಲ್ಲ ಅಂತ ಆ ಮೂರು ತಿಂಗಳು ಈ ಸಾಲನ್ನು ಖಾಲಿ ಬಿಟ್ಟಿದ್ದಾರೆ. ತಪ್ಪು ತೋರಿಸುವುದರಲ್ಲಿ ಆಗಿದೆ, ತೆರಿಗೆಯಲ್ಲಿ ಆಗಿಲ್ಲ.

ಆದರೆ "ಬಿಡಿ ಮಾರಾಟ" ಅಂತ ಬರೆದುಬಿಟ್ಟರೆ ಸಾಕಾಗುವುದಿಲ್ಲ. ಮಾರಿದ್ದು ಬಿಡಿಯಾಗಿಯೇ ಹೊರತು ಪ್ಯಾಕೆಟ್ ಅಲ್ಲ ಅಂತ ಕಾಣಬೇಕು. ಮಂಡಿಯಿಂದ, ಗಿರಣಿಯಿಂದ ತಂದ ದೊಡ್ಡ ಮೂಟೆಗಳ ಖರೀದಿ ಬಿಲ್‌ಗಳಲ್ಲಿ ಜಿಎಸ್‌ಟಿ ಇಲ್ಲದಿರುವುದೇ ಇದಕ್ಕೆ ಗಟ್ಟಿ ಸಾಕ್ಷಿ. ಜೊತೆಗೆ ಆ ಮೂರು ತಿಂಗಳ ಸರಕುವಾರು ಮಾರಾಟ ಪಟ್ಟಿ. ಕೊಂಡ ತೂಕಕ್ಕಿಂತ ಮಾರಿದ ತೂಕ ಜಾಸ್ತಿ ಬಂದರೆ, ಆರಂಭದ ದಾಸ್ತಾನು ಎಷ್ಟಿತ್ತು ಅಂತಲೂ ತೋರಿಸಬೇಕು. ಅಧಿಕಾರಿ ಮೊದಲು ಕೈ ಇಡುವುದು ಅಲ್ಲೇ.

ಇಲ್ಲೊಂದು ಎಚ್ಚರಿಕೆ. ತೆರಿಗೆ ಇಲ್ಲದ ಮಾರಾಟ ಜಾಸ್ತಿ ಇತ್ತು ಅಂತ ನೀವು ಹೇಳಿದ ಕೂಡಲೇ ಇನ್ನೊಂದು ಪ್ರಶ್ನೆ ಹುಟ್ಟುತ್ತದೆ. ಅಂಗಡಿ ಬಾಡಿಗೆ, ಫೋನ್ ಬಿಲ್, ಆಡಿಟರ್ ಫೀಸು ಇಂಥ ಎರಡೂ ಬಗೆಯ ಮಾರಾಟಕ್ಕೆ ಸೇರಿದ ಖರ್ಚಿನ ಮೇಲೆ ಇನ್‌ಪುಟ್ ಕ್ರೆಡಿಟ್ ತಗೊಂಡಿದ್ದರೆ, ತೆರಿಗೆ ಇಲ್ಲದ ಮಾರಾಟದ ಪಾಲನ್ನು ವಾಪಸ್ ಮಾಡಬೇಕು. 42ನೇ ನಿಯಮ ಇದನ್ನೇ ಹೇಳುತ್ತದೆ. ತಗೊಂಡಿದ್ದರೆ ಆ ಪಾಲು ಲೆಕ್ಕ ಹಾಕಿ ಬಾಕಿಗೆ ಸೇರಿಸಿ. ನಮ್ಮ ಅಂಗಡಿಯವರು ಇಂಥ ಕ್ರೆಡಿಟ್ ತಗೊಂಡೇ ಇಲ್ಲ, ಹಾಗಾಗಿ ಕಾಗದದಲ್ಲಿ ಒಂದು ಸಾಲು ಬರೆದರೆ ಸಾಕು.

ಮಾರ್ಚ್‌ನ ರೂ. 61,000 ಒಂದು ಹೋಟೆಲ್‌ಗೆ ಕೊಟ್ಟ ಅಡುಗೆ ಎಣ್ಣೆಯ ಡಬ್ಬಗಳದ್ದು. ಬಿಲ್ ತಾರೀಕು 30 ಮಾರ್ಚ್ 2024. ರಿಟರ್ನ್‌ನಲ್ಲಿ ಅದು ಏಪ್ರಿಲ್ ತಿಂಗಳಿಗೆ ಹೋಗಿದೆ. ಹೋಟೆಲ್‌ಗೂ ಜಿಎಸ್‌ಟಿ ನಂಬರ್ ಇರುವುದರಿಂದ ಏಪ್ರಿಲ್‌ನ GSTR-1ರಲ್ಲಿ ಬಿಲ್ ನಂಬರ್, ತಾರೀಕು ಎರಡೂ ಕಾಣುತ್ತವೆ. ಶೇ. 5ರಂತೆ ರೂ. 3,050 ತೆರಿಗೆ ಆಗಲೇ ಕಟ್ಟಾಗಿದೆ. ಆದರೆ 20 ಏಪ್ರಿಲ್‌ಗೆ ಕಟ್ಟಬೇಕಿದ್ದದ್ದು 20 ಮೇಗೆ ಹೋಗಿದೆ. 30 ದಿನದ ಬಡ್ಡಿ, ಸುಮಾರು ರೂ. 46. ಚಿಕ್ಕ ಮೊತ್ತ ಅಂತ ಬಿಡಬೇಡಿ. ಅದನ್ನೂ ಲೆಕ್ಕ ಹಾಕಿ ಕಟ್ಟಿರುವುದು ಕಂಡರೆ ಉಳಿದ ಅಂಕಿಗಳ ಮೇಲೂ ನಂಬಿಕೆ ಬರುತ್ತದೆ. ವರ್ಷದ ಆ ತುದಿಯನ್ನೂ ನೋಡಿ: ಹಿಂದಿನ ಮಾರ್ಚ್‌ನ ಬಿಲ್ ಏನಾದರೂ ಏಪ್ರಿಲ್ 2023ರ ರಿಟರ್ನ್‌ಗೆ ಬಂದಿದ್ದರೆ ಲೆಕ್ಕ ಉಲ್ಟಾ ಆಗುತ್ತದೆ.

ಚೂರುಚೂರಾಗಿರುವ ರೂ. 38,000 ಹೋಟೆಲ್‌ಗಳಿಂದ ವಾಪಸ್ ಬಂದ ಮಾಲು. ಕ್ರೆಡಿಟ್ ನೋಟ್ ಕೊಟ್ಟು GSTR-1ರಲ್ಲಿ ತೋರಿಸಿದ್ದಾರೆ, ಹಾಗಾಗಿ ರಿಟರ್ನ್‌ನಲ್ಲಿ ಮಾರಾಟ ಕಡಿಮೆಯಾಗಿದೆ. ಪುಸ್ತಕದಲ್ಲಿ ಮಾತ್ರ ಅದು ಬೇರೆ ಖಾತೆಯಲ್ಲಿದೆ, ಮಾರಾಟದ ಖಾತೆ ಕಡಿಮೆಯಾಗಿಲ್ಲ. ಇಲ್ಲಿ ಯಾವ ಬಾಕಿಯೂ ಇಲ್ಲ.

ಉಳಿದದ್ದು ಆಗಸ್ಟ್‌ನ ರೂ. 40,000. ಕೊನೆಯ ವಾರ ಬಿಲ್ಲಿಂಗ್ ಕಂಪ್ಯೂಟರ್ ಕೆಟ್ಟಿತ್ತು, ಕೈಬಿಲ್ ಪುಸ್ತಕದಲ್ಲಿ ಬರೆದಿದ್ದರು. ರಿಟರ್ನ್ ಸಲ್ಲಿಸಿದ ಮೇಲೆ ಆ ಬಿಲ್‌ಗಳನ್ನು ಆಗಸ್ಟ್ ತಾರೀಕಿಗೇ ಪುಸ್ತಕಕ್ಕೆ ಏರಿಸಿದರು, ರಿಟರ್ನ್‌ಗೆ ಏರಿಸಲೇ ಇಲ್ಲ. ಸೋಪು, ಟೂತ್‌ಪೇಸ್ಟ್, ಬಿಸ್ಕತ್ತು. ಇದು ನಿಜವಾದ ಬಾಕಿ.

ಬಾಕಿ ಇರುವುದನ್ನು ಮೊದಲು ಕಟ್ಟಿ

2023-24ರ ರಿಟರ್ನ್‌ಗಳ ತಪ್ಪನ್ನು ಮುಂದಿನ ರಿಟರ್ನ್‌ಗಳಲ್ಲಿ ಸರಿಪಡಿಸಲು 2024ರ ನವೆಂಬರ್ 30ರವರೆಗೆ ಅವಕಾಶ ಇತ್ತು. ಅದು ಮುಗಿದಿದೆ. ಈಗ ಇರುವ ದಾರಿ, ಬಾಕಿಯನ್ನು ನಾವಾಗಿಯೇ ಕಟ್ಟುವ ಫಾರಂ DRC-03. ಈಗಿನ ತಿಂಗಳ ಮಾರಾಟಕ್ಕೆ ಸುಮ್ನೆ ನಲವತ್ತು ಸಾವಿರ ಸೇರಿಸಿಬಿಡೋಣ ಅಂತ ಹೊರಟರೆ ಇನ್ನೊಂದು ವರ್ಷದ ಲೆಕ್ಕವೂ ತಾಳೆ ತಪ್ಪುತ್ತದೆ.

ದರದಲ್ಲಿ ಹುಷಾರಾಗಿರಿ. 2025ರ ಸೆಪ್ಟೆಂಬರ್ 22ರಿಂದ ಸೋಪು, ಟೂತ್‌ಪೇಸ್ಟ್, ಬಿಸ್ಕತ್ತಿಗೆ ಶೇ. 5 ಆಗಿದೆ. ಆದರೆ ಮಾರಿದ್ದು 2023ರಲ್ಲಿ, ಆಗ ಇದ್ದದ್ದು ಶೇ. 18. ಮಾರಿದ ದಿನದ ದರವೇ ಲೆಕ್ಕಕ್ಕೆ. ಅಂದರೆ ತೆರಿಗೆ ರೂ. 7,200: ಸಿಜಿಎಸ್‌ಟಿ 3,600, ಎಸ್‌ಜಿಎಸ್‌ಟಿ 3,600.

ಬಡ್ಡಿ ವರ್ಷಕ್ಕೆ ಶೇ. 18. ಆಗಸ್ಟ್ 2023ರ ರಿಟರ್ನ್‌ಗೆ ಕೊನೆಯ ದಿನ 20 ಸೆಪ್ಟೆಂಬರ್ 2023. ಕಟ್ಟುವ ದಿನ 12 ಡಿಸೆಂಬರ್ 2025 ಅಂದುಕೊಂಡರೆ 814 ದಿನ.

```
7200 × 18/100 × 814/365 = 2890.26
```

ಎರಡು ಪಾಲು ಮಾಡಿ ರೂಪಾಯಿಗೆ ಏರಿಸಿದರೆ ತಲಾ 1,446, ಒಟ್ಟು ರೂ. 2,892. ಎಣ್ಣೆ ಬಿಲ್‌ನ ಬಡ್ಡಿ ತಲಾ 23 ಸೇರಿಸಿದರೆ ಬಡ್ಡಿ ರೂ. 2,938. ತೆರಿಗೆ, ಬಡ್ಡಿ ಎಲ್ಲಾ ಸೇರಿ ರೂ. 10,138. ತೆರಿಗೆಯನ್ನು ಕ್ರೆಡಿಟ್ ಲೆಡ್ಜರ್‌ನಿಂದ ಕಟ್ಟಬಹುದು. ಬಡ್ಡಿಗೆ ಮಾತ್ರ ಕ್ಯಾಶ್ ಲೆಡ್ಜರ್‌ನಲ್ಲಿ ದುಡ್ಡು ಇರಲೇಬೇಕು. DRC-03 ತುಂಬುವಾಗ ವರ್ಷ 2023-24 ಅಂತಲೇ ಆರಿಸಿ, ನೋಟಿಸಿನ ಉಲ್ಲೇಖ ಸಂಖ್ಯೆ ಹಾಕಿ. ಸಲ್ಲಿಸಿದ ಮೇಲೆ ಬರುವ ARN ನಂಬರ್ ಕಾಗದಕ್ಕೆ ಬೇಕು.

ಕಾಗದಕ್ಕಿಂತ ಮೊದಲೇ ಕಟ್ಟಬೇಕು ಅಂತ ಹೇಳುವುದು ಇದಕ್ಕೆ: 73ನೇ ಸೆಕ್ಷನ್ ಪ್ರಕಾರ ಶೋಕಾಸ್ ನೋಟಿಸು ಬರುವ ಮೊದಲೇ ತೆರಿಗೆ, ಬಡ್ಡಿ ಕಟ್ಟಿ ತಿಳಿಸಿದರೆ, ಕಟ್ಟಿದ ಮೊತ್ತಕ್ಕೆ ಆ ನೋಟಿಸು ಕೊಡುವ ಹಾಗಿಲ್ಲ. ಆದರೆ ಗಿರಾಕಿಯಿಂದ ವಸೂಲು ಮಾಡಿದ ತೆರಿಗೆಯನ್ನು ಗಡುವು ದಾಟಿ 30 ದಿನವಾದರೂ ಕಟ್ಟದಿದ್ದರೆ ದಂಡದ ಪ್ರಶ್ನೆ ಎತ್ತಲು ಅದೇ ಸೆಕ್ಷನ್‌ನಲ್ಲಿ ಅವಕಾಶ ಇದೆ. ಹಾಗಾಗಿ ದಂಡ ಬರುವುದೇ ಇಲ್ಲ ಅಂತ ನಿಶ್ಚಿಂತೆಯಾಗಿ ಇರುವ ಹಾಗಿಲ್ಲ. (2024-25ರಿಂದ ಈಚಿನ ವರ್ಷಗಳಿಗಾದರೆ 73ರ ಬದಲು 74A ಸೆಕ್ಷನ್ ನೋಡಬೇಕು.)

ಈಗ ಕಾಗದ ಬರೆಯಿರಿ

ನೋಟಿಸು ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆಯಿಂದ ಬಂದಿದ್ದರೆ ಕನ್ನಡದಲ್ಲೇ ಬರೆಯಿರಿ. ಕಷ್ಟಸುಖ, ವಿನಂತಿ, ಸರ್ಕಾರದ ಮೇಲಿನ ಗೌರವ ಇದ್ಯಾವುದೂ ಬೇಡ. ಒಂದೂವರೆ ಪುಟ ಸಾಕು.

> ದಿನಾಂಕ: 15-12-2025
>
> ಗೆ,
> ವಾಣಿಜ್ಯ ತೆರಿಗೆ ಅಧಿಕಾರಿಗಳು,
> ಸ್ಥಳೀಯ ಜಿಎಸ್‌ಟಿ ಕಚೇರಿ, ………
>
> ಮಾನ್ಯರೇ,
>
> ವಿಷಯ: 2023-24ನೇ ಸಾಲಿನ ಲೆಕ್ಕಪುಸ್ತಕ ಮತ್ತು GSTR-3B ನಡುವಿನ ವ್ಯತ್ಯಾಸಕ್ಕೆ ವಿವರಣೆ.
>
> ಉಲ್ಲೇಖ: ASMT-10 ಸಂಖ್ಯೆ ………, ದಿನಾಂಕ 24-11-2025. ನಮ್ಮ ಜಿಎಸ್‌ಟಿ ಸಂಖ್ಯೆ: 29………
>
> ಮೇಲಿನ ನೋಟಿಸಿನಲ್ಲಿ ತಿಳಿಸಿರುವಂತೆ ನಮ್ಮ ಪುಸ್ತಕದ ಮಾರಾಟ ರೂ. 58,40,000 ಹಾಗೂ GSTR-3Bಯಲ್ಲಿ ತೋರಿಸಿದ ಮಾರಾಟ ರೂ. 54,15,000. ರೂ. 4,25,000 ವ್ಯತ್ಯಾಸ ಇರುವುದು ನಿಜ. ಅದರ ವಿವರ ಹೀಗಿದೆ.
>
> 1. ರೂ. 2,86,000: ಅಕ್ಟೋಬರ್‌ನಿಂದ ಡಿಸೆಂಬರ್ 2023ರವರೆಗೆ ಬಿಡಿಯಾಗಿ ಮಾರಿದ ಅಕ್ಕಿ, ಬೇಳೆ, ಬೆಲ್ಲ. ಇವು ತೆರಿಗೆ ವಿನಾಯಿತಿ ಇರುವ ಸರಕು. 3.1(c)ಯಲ್ಲಿ ತೋರಿಸುವುದು ಬಿಟ್ಟುಹೋಗಿದೆ. ತೆರಿಗೆ ಬಾಕಿ ಇಲ್ಲ. ಸಾಮಾನ್ಯ ಖರ್ಚುಗಳ ಮೇಲೆ ನಾವು ಇನ್‌ಪುಟ್ ಕ್ರೆಡಿಟ್ ಪಡೆದಿಲ್ಲ. (ಲಗತ್ತು 2, 3)
>
> 2. ರೂ. 61,000: ದಿನಾಂಕ 30-03-2024ರ ಬಿಲ್ ಸಂಖ್ಯೆ ……… ಏಪ್ರಿಲ್ 2024ರ ರಿಟರ್ನ್‌ನಲ್ಲಿ ಸೇರಿದೆ. ತೆರಿಗೆ ರೂ. 3,050 ಕಟ್ಟಲಾಗಿದೆ. 30 ದಿನದ ಬಡ್ಡಿ ರೂ. 46 ಈಗ ಕಟ್ಟಿದ್ದೇವೆ. (ಲಗತ್ತು 4)
>
> 3. ರೂ. 38,000: ವಾಪಸ್ ಬಂದ ಸರಕಿಗೆ ನೀಡಿದ ಕ್ರೆಡಿಟ್ ನೋಟ್‌ಗಳು. ರಿಟರ್ನ್‌ನಲ್ಲಿ ಕಳೆದಿದ್ದೇವೆ, ಪುಸ್ತಕದಲ್ಲಿ ಪ್ರತ್ಯೇಕ ಖಾತೆಯಲ್ಲಿವೆ. (ಲಗತ್ತು 5)
>
> 4. ರೂ. 40,000: ಆಗಸ್ಟ್ 2023ರ ಕೊನೆಯ ವಾರದ ಕೈಬಿಲ್‌ಗಳು, ಸಂಖ್ಯೆ ……… ರಿಂದ ……… ವರೆಗೆ. ಬಿಲ್ಲಿಂಗ್ ಕಂಪ್ಯೂಟರ್ ಕೆಟ್ಟಿದ್ದರಿಂದ ಕೈಯಲ್ಲಿ ಬರೆದು, ರಿಟರ್ನ್ ಸಲ್ಲಿಸಿದ ನಂತರ ಪುಸ್ತಕಕ್ಕೆ ಏರಿಸಲಾಗಿದೆ. ಈ ಮಾರಾಟ ನಮ್ಮ ಪುಸ್ತಕದಲ್ಲೂ ಆದಾಯ ತೆರಿಗೆ ರಿಟರ್ನ್‌ನಲ್ಲೂ ಇದೆ. ಶೇ. 18ರಂತೆ ತೆರಿಗೆ ರೂ. 7,200 ಮತ್ತು ಬಡ್ಡಿ ರೂ. 2,892 ಕಟ್ಟಿದ್ದೇವೆ. (ಲಗತ್ತು 6)
>
> ಒಟ್ಟು ರೂ. 10,138ನ್ನು ದಿನಾಂಕ 12-12-2025ರಂದು DRC-03 ಮೂಲಕ ಕಟ್ಟಲಾಗಿದೆ. ARN: ……… (ಲಗತ್ತು 7)
>
> ಈ ವಿವರಣೆಯನ್ನು ಒಪ್ಪಿ ASMT-12 ನೀಡಬೇಕೆಂದು ಕೋರುತ್ತೇವೆ. ಇನ್ನೂ ದಾಖಲೆ ಬೇಕಿದ್ದರೆ ಹಾಜರುಪಡಿಸಲು ಸಿದ್ಧರಿದ್ದೇವೆ.
>
> ತಮ್ಮ ವಿಶ್ವಾಸಿ,
> (ಸಹಿ, ಮೊಹರು)
>
> ಲಗತ್ತುಗಳು: 1. ತಿಂಗಳುವಾರು ತಾಳೆ ಪಟ್ಟಿ 2. ಸರಕುವಾರು ಮಾರಾಟ ಪಟ್ಟಿ 3. ಖರೀದಿ ಬಿಲ್‌ಗಳು 4. ಎಣ್ಣೆ ಬಿಲ್ ಮತ್ತು ಏಪ್ರಿಲ್ 2024ರ GSTR-1 5. ಕ್ರೆಡಿಟ್ ನೋಟ್‌ಗಳು 6. ಕೈಬಿಲ್ ಪ್ರತಿಗಳು, ಬಡ್ಡಿ ಲೆಕ್ಕ 7. DRC-03 ಪ್ರತಿ

ನಾಲ್ಕನೇ ಅಂಶದಲ್ಲಿ "ಈ ಮಾರಾಟ ನಮ್ಮ ಪುಸ್ತಕದಲ್ಲೂ ಆದಾಯ ತೆರಿಗೆ ರಿಟರ್ನ್‌ನಲ್ಲೂ ಇದೆ" ಅನ್ನುವ ಸಾಲು ಇದೆಯಲ್ಲ, ಇಡೀ ಕಾಗದದಲ್ಲಿ ಅದಕ್ಕೆ ತೂಕ ಜಾಸ್ತಿ. ಮಾರಾಟ ಮುಚ್ಚಿಟ್ಟಿದ್ದಾರೆ ಎಂದಾದರೆ 74ನೇ ಸೆಕ್ಷನ್ ಬರುತ್ತದೆ, ಅದರಲ್ಲಿ ದಂಡ ತೆರಿಗೆಯಷ್ಟೇ ಆಗಬಹುದು. ತಾನೇ ಪುಸ್ತಕದಲ್ಲಿ ಬರೆದು ಇನ್ನೊಂದು ಇಲಾಖೆಗೂ ತೋರಿಸಿದ್ದನ್ನು ಮುಚ್ಚಿಟ್ಟದ್ದು ಅನ್ನುವುದು ಕಷ್ಟ. ಹಾಗಂತ ಇಲ್ಲದ್ದನ್ನು ಬರೆಯಬೇಡಿ. ನಡೆದದ್ದನ್ನು ನಡೆದ ಹಾಗೆ ಬರೆಯಿರಿ. ಬೇರೆಯವರು ಬರೆದುಕೊಟ್ಟ ಕಾಗದದಲ್ಲಿ "ಮಾರಾಟ ಮರೆಮಾಚಲಾಗಿದೆ" ಅನ್ನುವಂಥ ಮಾತು ಸೇರಿಕೊಂಡಿದೆಯೇ ಅಂತ ಸಹಿಗೆ ಮೊದಲು ಓದಿ ನೋಡಿ.

ಸಲ್ಲಿಸುವುದು, ಆಮೇಲೆ ಕಾಯುವುದು

ಉತ್ತರವನ್ನು ಪೋರ್ಟಲ್‌ನಲ್ಲೇ ಕೊಡಬೇಕು. ಅದೇ ನೋಟಿಸಿನ ಪುಟದಲ್ಲಿ REPLIES ಭಾಗಕ್ಕೆ ಹೋಗಿ ASMT-11 ತುಂಬಿ, ಕಾಗದವನ್ನೂ ಲಗತ್ತುಗಳನ್ನೂ ಪಿಡಿಎಫ್ ಮಾಡಿ ಏರಿಸಿ. ಕಚೇರಿಗೆ ಕಾಗದ ಕೊಟ್ಟು ಸೀಲು ಹಾಕಿಸಿಕೊಂಡು ಬಂದು ಪೋರ್ಟಲ್ ಮರೆತವರ ಕಡತದಲ್ಲಿ "ಉತ್ತರ ಬಂದಿಲ್ಲ" ಅಂತಲೇ ಇರುತ್ತದೆ. ಏರಿಸುವ ಮೊದಲು ಒಂದು ಪರೀಕ್ಷೆ ಮಾಡಿ: ಕಾಗದದ ನಾಲ್ಕು ಮೊತ್ತಗಳನ್ನು ಕೂಡಿಸಿ. ನೋಟಿಸಿನ ಮೊತ್ತಕ್ಕಿಂತ ನೂರು ರೂಪಾಯಿ ಹೆಚ್ಚುಕಮ್ಮಿ ಬಂದರೂ ಹುಡುಕಿ ಸರಿಮಾಡಿ, ಇಲ್ಲವೇ "ಪೈಸೆ ಪೂರ್ಣಾಂಕದ ವ್ಯತ್ಯಾಸ" ಅಂತ ಒಂದು ಸಾಲು ಹಾಕಿ.

ಅಧಿಕಾರಿ ಒಪ್ಪಿದರೆ ASMT-12 ಬರುತ್ತದೆ. ಅದನ್ನು ಡೌನ್‌ಲೋಡ್ ಮಾಡಿ ಇಟ್ಟುಕೊಳ್ಳಿ. ಒಪ್ಪದಿದ್ದರೆ ಮುಂದೆ ಶೋಕಾಸ್‌ಗೆ ಮೊದಲು ಬಾಕಿ ಎಷ್ಟು ಅಂತ ತಿಳಿಸುವ DRC-01A, ಅಥವಾ ಶೋಕಾಸ್ ನೋಟಿಸೇ ಬರಬಹುದು, ಲೆಕ್ಕ ಪರಿಶೋಧನೆಗೂ ಹೋಗಬಹುದು. ಆಗಲೂ ಉತ್ತರದ ಬುನಾದಿ ಇದೇ ತಾಳೆ ಪಟ್ಟಿ, ಯಾವ ಅಂಶ ಒಪ್ಪಿಲ್ಲವೋ ಅದಕ್ಕೆ ಮಾತ್ರ ಇನ್ನಷ್ಟು ದಾಖಲೆ ಸೇರಿಸಿದರೆ ಆಯಿತು. ಆ ಹಂತಕ್ಕೆ ಬಂದರೆ ಆಡಿಟರ್ ಅಥವಾ ತೆರಿಗೆ ವಕೀಲರನ್ನು ಜೊತೆಗಿಟ್ಟುಕೊಳ್ಳಿ.

ಕೈಬಿಲ್ ಪುಸ್ತಕ, ಖರೀದಿ ಬಿಲ್, ತಾಳೆ ಪಟ್ಟಿ ಎಲ್ಲವನ್ನೂ ಒಂದೇ ಫೈಲಿನಲ್ಲಿ ಕಟ್ಟಿಡಿ. ವಾರ್ಷಿಕ ರಿಟರ್ನ್‌ನ ಕೊನೆಯ ದಿನದಿಂದ 72 ತಿಂಗಳು ಲೆಕ್ಕಪುಸ್ತಕ ಉಳಿಸಿಕೊಳ್ಳಬೇಕು ಅಂತ ಕಾಯ್ದೆ ಹೇಳುತ್ತದೆ. 2023-24ರ ಮಟ್ಟಿಗೆ ಅದು 2030ರ ಡಿಸೆಂಬರ್ 31ರವರೆಗೆ. ಪ್ರಕರಣ ಇನ್ನೂ ನಡೆಯುತ್ತಿದ್ದರೆ ಅದಕ್ಕಿಂತಲೂ ಜಾಸ್ತಿ.